ಗ್ರಹಣ ನಿಮ್ಮ ರಾಶಿಗೋ, ನಿಮ್ಮ ಗ್ರಹಕ್ಕೋ?

2025ರ ಸೆಪ್ಟೆಂಬರ್ 7, ಭಾದ್ರಪದ ಹುಣ್ಣಿಮೆಯ ಭಾನುವಾರ ರಾತ್ರಿ ಚಂದ್ರಗ್ರಹಣ ನಡೆಯಿತು. 9 ಗಂಟೆ 57 ನಿಮಿಷಕ್ಕೆ ಸ್ಪರ್ಶ. 11 ಗಂಟೆಯ ಹೊತ್ತಿಗೆ ಚಂದ್ರ ಪೂರ್ತಿ ನೆರಳಿಗೆ ಸರಿದು ತಾಮ್ರದ ಬಣ್ಣಕ್ಕೆ ತಿರುಗಿದ. 12.23ರವರೆಗೂ ಹಾಗೆಯೇ ಇದ್ದು, ನಸುಕಿನ 1.26ಕ್ಕೆ ಮೋಕ್ಷ ಪಡೆದ. ಮೋಡವಿಲ್ಲದ ಊರುಗಳಲ್ಲಿ ಜನ ಮಾಳಿಗೆ ಹತ್ತಿ ನೋಡಿದರು. ಆದರೆ ಅದಕ್ಕೂ ಒಂದು ವಾರ ಮೊದಲೇ ಮನೆಮನೆ ತಲುಪಿದ್ದು ಒಂದು ಪಟ್ಟಿ. ಮೇಷ, ವೃಷಭ, ಕನ್ಯಾ, ಧನು ರಾಶಿಯವರಿಗೆ ಶುಭ. ಮಿಥುನ, ಸಿಂಹ, ತುಲಾ, ಮಕರದವರಿಗೆ ಮಿಶ್ರಫಲ. ಕರ್ಕಾಟಕ, ವೃಶ್ಚಿಕ, ಕುಂಭ, ಮೀನದವರಿಗೆ ಅಶುಭ, ಅವರು ಗ್ರಹಣ ನೋಡಬಾರದು, ಶಾಂತಿ ಮಾಡಿಸಬೇಕು.

ಈ ಪಟ್ಟಿ ಯಾರೋ ಮನಸ್ಸಿಗೆ ತೋಚಿದಂತೆ ಬರೆದದ್ದಲ್ಲ, ಅದಕ್ಕೊಂದು ಲೆಕ್ಕವಿದೆ. ಗ್ರಹಣ ಯಾವ ರಾಶಿಯಲ್ಲಿ ನಡೆಯುತ್ತದೆ ಎಂದು ನೋಡಿ, ನಮ್ಮ ಜನ್ಮರಾಶಿಯಿಂದ ಅಲ್ಲಿಯವರೆಗೆ ಎಣಿಸಬೇಕು. ಎಣಿಕೆ 3, 6, 10 ಅಥವಾ 11 ಬಂದರೆ ಶುಭ. 2, 5, 7, 9 ಬಂದರೆ ಮಿಶ್ರ. 1, 4, 8, 12 ಬಂದರೆ ಅಶುಭ. ಅಂದು ಗ್ರಹಣ ನಡೆದದ್ದು ಕುಂಭದಲ್ಲಿ. ಮೇಷದಿಂದ ಕುಂಭ ಹನ್ನೊಂದನೆಯದು, ಲಾಭಸ್ಥಾನ, ಹಾಗಾಗಿ ಶುಭ. ಕರ್ಕಾಟಕದಿಂದ ಎಂಟನೆಯದು, ಹಾಗಾಗಿ ಅಶುಭ. ಪಂಚಾಂಗ ಹಿಡಿದ ಯಾರು ಬೇಕಾದರೂ ಬೆರಳೆಣಿಕೆಯಲ್ಲಿ ಮಾಡಬಹುದಾದ ಕೆಲಸವಿದು.

ಆದರೆ ಹೀಗೆ ಎಣಿಸಿದಾಗ ನಾಡಿನ ಮೂರನೇ ಒಂದು ಪಾಲು ಜನರಿಗೆ ಒಂದೇ ಏಟಿಗೆ ಅಶುಭ ಬಂದುಬಿಡುತ್ತದೆ. ಅನುಭವಿ ಜ್ಯೋತಿಷಿಗಳು ಇದನ್ನು ದೊಡ್ಡ ಕಣ್ಣಿನ ಜರಡಿ ಎಂದೇ ಬಳಸುತ್ತಾರೆ. ಒಬ್ಬ ವ್ಯಕ್ತಿಗೆ ಈ ಗ್ರಹಣ ಏನಾದರೂ ಹೇಳುತ್ತದೆಯೇ ಎಂದು ತಿಳಿಯಬೇಕಾದರೆ ಅವರು ಕೇಳುವ ಪ್ರಶ್ನೆಯೇ ಬೇರೆ. ಗ್ರಹಣ ನಡೆದ ಡಿಗ್ರಿ ಯಾವುದು, ಆ ಡಿಗ್ರಿಯಲ್ಲಿ ನಿಮ್ಮ ಜಾತಕದ ಯಾವ ಗ್ರಹ ಕೂತಿದೆ?

ಡಿಗ್ರಿಯ ಮಾತಿಗೆ ಬರುವ ಮೊದಲು ರಾಹು ಕೇತುಗಳನ್ನು ಸ್ವಲ್ಪ ನೋಡೋಣ. ಇವು ಕಣ್ಣಿಗೆ ಕಾಣುವ ಗ್ರಹಗಳಲ್ಲ. ಚಂದ್ರ ಸಾಗುವ ಹಾದಿ, ಸೂರ್ಯ ಸಾಗುವಂತೆ ಕಾಣುವ ಹಾದಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಈ ಎರಡು ಹಾದಿಗಳು ಒಂದನ್ನೊಂದು ಕತ್ತರಿಸುವ ಎದುರುಬದುರಿನ ಎರಡು ಬಿಂದುಗಳೇ ರಾಹು ಮತ್ತು ಕೇತು. ಪ್ರತಿ ಹುಣ್ಣಿಮೆಗೂ ಗ್ರಹಣ ಆಗದಿರುವುದಕ್ಕೆ ಈ ಓರೆಯೇ ಕಾರಣ. ಹುಣ್ಣಿಮೆಯ ಚಂದ್ರ ಈ ಬಿಂದುವಿನಿಂದ ಸುಮಾರು 12 ಡಿಗ್ರಿಗಿಂತ ದೂರವಿದ್ದರೆ ಭೂಮಿಯ ದಟ್ಟ ನೆರಳಿಗೆ ಸಿಗುವುದೇ ಇಲ್ಲ. ಹತ್ತಿರ ಬಂದಷ್ಟೂ ಗ್ರಹಣ ದೊಡ್ಡದು. ಸೆಪ್ಟೆಂಬರ್ 7ರಂದು ಚಂದ್ರ ಕುಂಭದ 21ನೇ ಡಿಗ್ರಿಯ ಬಳಿ ಇದ್ದ, ರಾಹು 24ರ ಬಳಿ. ನಡುವೆ ಮೂರೇ ಡಿಗ್ರಿ, ಹಾಗಾಗಿ ಪೂರ್ಣಗ್ರಹಣ.

ರಾಹು ಬಂದು ನುಂಗುತ್ತಾನೆ ಎಂಬ ಕಥೆಯನ್ನು ಜ್ಯೋತಿಷ್ಯವೇ ಹುಟ್ಟುಹಾಕಿತು ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ರಾಹುಚಾರಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಚಂದ್ರಗ್ರಹಣದಲ್ಲಿ ಚಂದ್ರ ಭೂಮಿಯ ನೆರಳನ್ನು ಹೊಗುತ್ತಾನೆ, ಸೂರ್ಯಗ್ರಹಣದಲ್ಲಿ ಚಂದ್ರ ಸೂರ್ಯನಿಗೆ ಅಡ್ಡ ಬರುತ್ತಾನೆ ಎಂದು ಅಲ್ಲಿ ಸ್ಪಷ್ಟವಾಗಿದೆ. ಆತನಿಗೂ ಮೊದಲಿನ ಆರ್ಯಭಟ ಇದನ್ನೇ ಹೇಳಿದ್ದ. ನುಂಗುವ ಅಸುರನನ್ನು ತಳ್ಳಿಹಾಕಿದ ಅದೇ ವರಾಹಮಿಹಿರ ಗ್ರಹಣದ ಫಲವನ್ನೂ ಬರೆದ. ಆ ಫಲಗಳು ಬಹುಮಟ್ಟಿಗೆ ರಾಜರಿಗೆ, ದೇಶಗಳಿಗೆ, ಮಳೆ ಬೆಳೆಗಳಿಗೆ ಸಂಬಂಧಿಸಿದವು. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿಯೂ ಗ್ರಹಣವನ್ನು ಮೊದಲು ದೇಶಗಳ ಭವಿಷ್ಯಕ್ಕೇ ಬಳಸಿದ. ಸೂರ್ಯಗ್ರಹಣ ಎಷ್ಟು ಗಂಟೆ ನಡೆಯಿತೋ ಅಷ್ಟು ವರ್ಷ, ಚಂದ್ರಗ್ರಹಣ ಎಷ್ಟು ಗಂಟೆ ನಡೆಯಿತೋ ಅಷ್ಟು ತಿಂಗಳು ಅದರ ಫಲವಿರುತ್ತದೆ ಎಂಬುದು ಆತನ ಲೆಕ್ಕ. ಗ್ರಹಣ ಹಳೆಯ ಶಾಸ್ತ್ರಗಳಲ್ಲಿ ಊರಿನ ವಿಷಯವಾಗಿತ್ತು. ಇಂದು ಅದನ್ನು ಮೊದಲಿಗೇ ಮನೆಯೊಳಗೆ, ಒಬ್ಬೊಬ್ಬರ ತಲೆಯ ಮೇಲೆ ತಂದಿಡುತ್ತಿದ್ದೇವೆ.

ಆಚರಣೆಗಳಿಗೂ ಇಂಥದ್ದೇ ಒಂದು ಲೆಕ್ಕಾಚಾರದ ಬೆನ್ನೆಲುಬಿದೆ. ಅದರ ಮೊದಲ ನಿಯಮವನ್ನೇ ಜನ ಹೆಚ್ಚಾಗಿ ಮರೆಯುತ್ತಾರೆ. ನಿಮ್ಮ ಊರಿನಲ್ಲಿ ಕಣ್ಣಿಗೆ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ. 2026ರ ಆಗಸ್ಟ್ 12ರ ಸೂರ್ಯಗ್ರಹಣ ಸ್ಪೇನ್, ಐಸ್‌ಲ್ಯಾಂಡ್‌ಗಳಿಗೆ ಪೂರ್ಣ, ಭಾರತದಲ್ಲಿ ಕಾಣುವಂಥದ್ದೇ ಅಲ್ಲ. ಅಂಥ ದಿನ ಇಲ್ಲಿ ಉಪವಾಸವೂ ಇಲ್ಲ, ಸ್ನಾನವೂ ಇಲ್ಲ. ಸ್ಪೇನಿನಲ್ಲಿರುವ ಕನ್ನಡಿಗರು ಮಾತ್ರ ಅಲ್ಲಿನ ಹೊತ್ತು ನೋಡಿ ಆಚರಿಸಬೇಕು, ಬೆಂಗಳೂರಿನ ಪಂಚಾಂಗ ನೋಡಿಯಲ್ಲ.

ಕಾಣುವ ಗ್ರಹಣಕ್ಕೆ ವೇಧಕಾಲವಿದೆ. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಚಂದ್ರಗ್ರಹಣಕ್ಕೆ ಮೂರು ಯಾಮ ಮೊದಲು ಊಟ ನಿಲ್ಲಿಸಬೇಕು. ಒಂದು ಯಾಮ ಎಂದರೆ ಸುಮಾರು ಮೂರು ಗಂಟೆ. ಸೆಪ್ಟೆಂಬರ್ 7ರಂದು ಸ್ಪರ್ಶ 9.57ಕ್ಕೆ. ಅಲ್ಲಿಂದ ಒಂಬತ್ತು ಗಂಟೆ ಹಿಂದೆ ಎಣಿಸಿದವರಿಗೆ ಮಧ್ಯಾಹ್ನ 12.57ರೊಳಗೆ ಊಟ ಮುಗಿಯಬೇಕಿತ್ತು. ಸ್ಪರ್ಶ ಯಾವ ಯಾಮದಲ್ಲಿ ಬಿತ್ತು ಎಂದು ನೋಡಿ ಇಡೀ ಯಾಮಗಳನ್ನೇ ಎಣಿಸಿದವರಿಗೆ ಅದಕ್ಕಿಂತ ಅರ್ಧ ಗಂಟೆಗೂ ಮೊದಲೇ ವೇಧ ಶುರುವಾಯಿತು. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಸಮಯ ಕೇಳಿಬರುವುದು ಇದಕ್ಕೇ. ಎರಡರಲ್ಲಿ ಒಂದು ತಪ್ಪು ಎಂದು ಜಗಳಕ್ಕೆ ನಿಲ್ಲಬೇಕಿಲ್ಲ. ಮಕ್ಕಳು, ವೃದ್ಧರು, ರೋಗಿಗಳು, ಗರ್ಭಿಣಿಯರಿಗೆ ಈ ನಿಯಮ ಸಡಿಲ, ಗ್ರಹಣಕ್ಕೆ ಒಂದು ಯಾಮ ಮೊದಲಿನವರೆಗೂ ಅವರು ಉಣ್ಣಬಹುದು ಎಂದು ಸಂಪ್ರದಾಯವೇ ಹೇಳುತ್ತದೆ. ಈ ವಿನಾಯಿತಿ ಪಂಚಾಂಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಹಿರಿಯರ ಬಾಯಿಂದ ಗಟ್ಟಿಯಾಗಿ ಬರುವುದಿಲ್ಲ. ಅಂದು ಮಧ್ಯಾಹ್ನದಿಂದ ನಸುಕಿನವರೆಗೆ ಹನ್ನೆರಡು ಗಂಟೆಗೂ ಮೀರಿದ ಹೊತ್ತು. ಗರ್ಭಿಣಿಯನ್ನು, ಸಕ್ಕರೆ ಕಾಯಿಲೆಯವರನ್ನು ಅಷ್ಟು ಹೊತ್ತು ಬರಿಹೊಟ್ಟೆಯಲ್ಲಿ ಕೂರಿಸುವುದು ಆಚರಣೆಯೂ ಅಲ್ಲ, ಆರೋಗ್ಯವೂ ಅಲ್ಲ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಹೇಳಿದ ಹೊತ್ತಿಗೆ ಉಣ್ಣಲೇಬೇಕು.

ಅಡುಗೆಮನೆಯಲ್ಲಿ ಹಾಲು, ಮೊಸರು, ತುಪ್ಪ, ಉಪ್ಪಿನಕಾಯಿ ಜಾಡಿಗಳ ಮೇಲೆ ದರ್ಭೆ ಇಡುತ್ತಾರೆ. ಬೇಯಿಸಿದ ಅನ್ನ, ಸಾರನ್ನು ಉಳಿಸಿಕೊಳ್ಳುವುದಿಲ್ಲ. ಗ್ರಹಣದ ಹೊತ್ತಿಗೆ ಅನ್ನ ವಿಷವಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಇದನ್ನು ವ್ರತದ ಶಿಸ್ತು ಎಂದು ಪಾಲಿಸುವವರು ಪಾಲಿಸಬಹುದು, ವಿಜ್ಞಾನ ಎಂದು ಹೇಳಿಕೊಳ್ಳಬಾರದು. ಹಳ್ಳಿಗಳಲ್ಲಿ ಕಂಚಿನ ತಟ್ಟೆಗೆ ನೀರು ಹಾಕಿ ಅದರ ನಡುವೆ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಹಿಡಿದಿರುವಷ್ಟು ಹೊತ್ತು ಅದು ತಾನಾಗಿ ನಿಲ್ಲುತ್ತದೆ, ಬಿಟ್ಟೊಡನೆ ಬೀಳುತ್ತದೆ ಎಂಬ ನಂಬಿಕೆ. ಬುಡ ಸಮತಟ್ಟಾಗಿರುವ ಒನಕೆಯನ್ನು ತಾಳ್ಮೆಯಿಂದ ಸಮತೂಕಕ್ಕೆ ತಂದರೆ ಯಾವ ದಿನವಾದರೂ ನಿಲ್ಲುತ್ತದೆ. ಗಡಿಯಾರವಿಲ್ಲದ ಕಾಲದಲ್ಲಿ ಮನೆಯವರೆಲ್ಲ ಅದರ ಸುತ್ತ ಕೂತು ಗ್ರಹಣದ ಹೊತ್ತನ್ನು ಕಳೆಯುತ್ತಿದ್ದರು.

ಸ್ಪರ್ಶಕ್ಕೆ ಒಂದು ಸ್ನಾನ, ನಡುವೆ ಜಪ ಮತ್ತು ತರ್ಪಣ, ಬಿಡುವ ಹೊತ್ತಿಗೆ ದಾನ, ಮೋಕ್ಷದ ನಂತರ ಮತ್ತೊಂದು ಸ್ನಾನ. ಇದಿಷ್ಟು ಮೂಲ ಕ್ರಮ. ಮಂತ್ರೋಪದೇಶ ಪಡೆದವರು ಗ್ರಹಣಕಾಲದ ಜಪವನ್ನು ಬಹಳ ದೊಡ್ಡದೆಂದು ಭಾವಿಸುತ್ತಾರೆ. ಶಾಸ್ತ್ರದ ದೃಷ್ಟಿಯಲ್ಲಿ ಗ್ರಹಣ ಬರೀ ಹೆದರುವ ಹೊತ್ತಲ್ಲ, ಪುಣ್ಯಕಾಲವೂ ಹೌದು. ಬಹುತೇಕ ದೇವಸ್ಥಾನಗಳು ಬಾಗಿಲು ಹಾಕಿದಾಗ ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಾಗಿಲು ತೆರೆದೇ ಇರುತ್ತದೆ.

ಆದರೆ ಆಚರಣೆ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಆಚರಣೆಯಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಇದಕ್ಕೆ ಜ್ಯೋತಿಷ್ಯದಲ್ಲೂ ಜಾಗವಿಲ್ಲ, ಧರ್ಮಶಾಸ್ತ್ರದಲ್ಲೂ ಜಾಗವಿಲ್ಲ. ಮಗುವಿಗೆ ಕೊಡುವ ಹಿಂಸೆ ಅದು, ಬೇರೇನೂ ಅಲ್ಲ.

ಈಗ ಡಿಗ್ರಿಗೆ ಬರೋಣ. ಸೆಪ್ಟೆಂಬರ್ 7ರ ಗ್ರಹಣದ ನಡುಹೊತ್ತಿಗೆ ಚಂದ್ರ ಕುಂಭದ 21 ಡಿಗ್ರಿಯಲ್ಲಿ, ಪೂರ್ವಾಭಾದ್ರ ನಕ್ಷತ್ರದ ಮೊದಲ ಪಾದದಲ್ಲಿದ್ದ. ಎದುರಿಗೆ ಸೂರ್ಯ ಸಿಂಹದ 21 ಡಿಗ್ರಿಯಲ್ಲಿ, ಕೇತುವಿನ ಜೊತೆ. ನಮ್ಮ ಪದ್ಧತಿಯಲ್ಲಿ ಜನ್ಮನಕ್ಷತ್ರಕ್ಕೆ ಹೆಚ್ಚಿನ ಗಮನ. ಹಾಗಾಗಿ ಪೂರ್ವಾಭಾದ್ರದವರಿಗೂ, ಅದರ ಸಾಲಿನ ಪುನರ್ವಸು, ವಿಶಾಖದವರಿಗೂ ಶಾಂತಿ ಹೇಳುತ್ತಾರೆ. ಜಾತಕದ ಉಳಿದ ಗ್ರಹಗಳ ಮೇಲೆ ಗ್ರಹಣ ಬಿದ್ದರೆ ಏನು ಎಂಬ ಓದು ಪಾಶ್ಚಾತ್ಯ ಜ್ಯೋತಿಷಿಗಳಲ್ಲಿ ಹೆಚ್ಚು ಬಳಕೆಯಲ್ಲಿತ್ತು. ಇಂದು ಇಲ್ಲಿಯೂ ಬಹಳ ಮಂದಿ ಬಳಸುತ್ತಾರೆ.

ಎಷ್ಟು ಹತ್ತಿರವಿದ್ದರೆ ಹತ್ತಿರ? ಸಾಮಾನ್ಯವಾಗಿ 3 ಡಿಗ್ರಿ. ನಕ್ಷತ್ರದ ಒಂದು ಪಾದವೂ 3 ಡಿಗ್ರಿ 20 ಕಲೆಯೇ ಆದ್ದರಿಂದ ಈ ಮಿತಿ ನಮ್ಮವರಿಗೆ ಸಲೀಸಾಗಿ ಒಗ್ಗಿದೆ. ಕೆಲವರು 5 ಡಿಗ್ರಿಯವರೆಗೆ ಹೋಗುತ್ತಾರೆ. ಅದಕ್ಕೂ ಮೀರಿ ಹಿಗ್ಗಿಸಿದರೆ ಪ್ರತಿ ಗ್ರಹಣವೂ ಪ್ರತಿಯೊಬ್ಬರ ಯಾವುದಾದರೂ ಗ್ರಹಕ್ಕೆ ತಾಗಿಯೇ ತಾಗುತ್ತದೆ, ಆಮೇಲೆ ಓದಲು ಏನೂ ಉಳಿಯುವುದಿಲ್ಲ. ಹತ್ತು ಡಿಗ್ರಿ ದೂರದ ಗ್ರಹವನ್ನು ತೋರಿಸಿ ಹೆದರಿಸುವವರಿದ್ದರೆ ಅವರ ಲೆಕ್ಕವನ್ನು ಅನುಮಾನಿಸಬಹುದು.

ಒಂದು ಜಾತಕವನ್ನು ಉದಾಹರಣೆಗೆ ಕಟ್ಟಿಕೊಳ್ಳೋಣ. 1995ರ ಮಾರ್ಚ್ 5ರಂದು ಬೆಳಗ್ಗೆ ಹನ್ನೊಂದೂವರೆಯ ಹೊತ್ತಿಗೆ ಹಾಸನದಲ್ಲಿ ಹುಟ್ಟಿದವರು ಎಂದುಕೊಳ್ಳಿ. ವೃಷಭ ಲಗ್ನ. ಚಂದ್ರ ಮೇಷದಲ್ಲಿ, ಅಶ್ವಿನಿ ನಕ್ಷತ್ರ. ಸೂರ್ಯ ಕುಂಭದ 20 ಡಿಗ್ರಿ ದಾಟಿದ್ದಾನೆ, ಶನಿ ಅದೇ ಕುಂಭದಲ್ಲಿ ಸುಮಾರು 21ರಲ್ಲಿದ್ದಾನೆ. ಪತ್ರಿಕೆಯ ಪಟ್ಟಿ ಹಿಡಿದರೆ ಈ ವ್ಯಕ್ತಿ ಮೇಷ ರಾಶಿ, ಗ್ರಹಣ ಹನ್ನೊಂದನೆಯ ಮನೆ, ಲಾಭ, ಶುಭ. ಡಿಗ್ರಿ ಹಿಡಿದರೆ ಗ್ರಹಣ ನೇರವಾಗಿ ಸೂರ್ಯ ಮತ್ತು ಶನಿಯ ಮೇಲೆಯೇ ಬಿದ್ದಿದೆ. ಇನ್ನೊಂದು ಕಡೆ, ಕುಂಭ ರಾಶಿಯ 3ನೇ ಡಿಗ್ರಿಯಲ್ಲಿ ಚಂದ್ರನಿದ್ದು, 21ರ ಸುತ್ತ ಯಾವ ಗ್ರಹವೂ ಇಲ್ಲದವರು ಪಟ್ಟಿಯಲ್ಲಿ ಅಶುಭದ ಸಾಲಿನಲ್ಲಿ ನಿಂತು ನಿದ್ದೆಗೆಟ್ಟಿರುತ್ತಾರೆ. ಅವರ ಚಂದ್ರನಿಗೂ ಗ್ರಹಣಕ್ಕೂ 18 ಡಿಗ್ರಿ ಅಂತರ.

ನಮ್ಮ ಜಾತಕವನ್ನು ಮುಂದೆ ಓದೋಣ. ಮೊದಲು ನೋಡುವುದು ಆ ಗ್ರಹಗಳು ಯಾವ ಮನೆಯಲ್ಲಿವೆ, ಯಾವ ಮನೆಗೆ ಒಡೆಯರು ಎಂಬುದನ್ನು. ವೃಷಭ ಲಗ್ನಕ್ಕೆ ಕುಂಭ ಹತ್ತನೆಯ ಮನೆ, ಉದ್ಯೋಗ ಮತ್ತು ಹೆಸರಿನ ಸ್ಥಾನ. ಶನಿ ಒಂಬತ್ತು ಮತ್ತು ಹತ್ತರ ಒಡೆಯ, ಈ ಲಗ್ನಕ್ಕೆ ಯೋಗಕಾರಕ, ಅದೂ ಸ್ವಂತ ಮನೆಯಲ್ಲಿದ್ದಾನೆ. ಆದರೆ ಸೂರ್ಯನಿಗೆ ತೀರಾ ಹತ್ತಿರವಿದ್ದು ಅಸ್ತನಾಗಿದ್ದಾನೆ. ಸೂರ್ಯ ನಾಲ್ಕನೆಯ ಮನೆಯ ಒಡೆಯ, ತಂದೆಗೂ ಅಧಿಕಾರಕ್ಕೂ ಕಾರಕ. ಅಂದರೆ ಗ್ರಹಣ ಎತ್ತಿ ತೋರಿಸುವ ವಿಷಯಗಳು ಕೆಲಸ, ಮೇಲಧಿಕಾರಿಗಳ ಜೊತೆಗಿನ ಸಂಬಂಧ, ತಂದೆ, ಮನೆ. ಹುಟ್ಟಿನಲ್ಲೇ ಈ ಎರಡು ಗ್ರಹಗಳ ನಡುವೆ ಜಗ್ಗಾಟವಿದೆ. ಗ್ರಹಣ ಜಾತಕದಲ್ಲಿ ಇಲ್ಲದ್ದನ್ನು ತರುವುದಿಲ್ಲ, ಇರುವುದನ್ನು ಮೇಲೆ ತರುತ್ತದೆ ಎಂಬುದು ಓದಿನ ಮೂಲಸೂತ್ರ.

ಎರಡನೆಯದು ದಶೆ. ಅಶ್ವಿನಿಯಲ್ಲಿ ಹುಟ್ಟಿದವರಿಗೆ ಕೇತು ದಶೆಯಿಂದ ಆರಂಭ, ಆಮೇಲೆ ಶುಕ್ರನ 20 ವರ್ಷ, ಸೂರ್ಯನ 6 ವರ್ಷ, ನಂತರ ಚಂದ್ರ. ಮೂವತ್ತು ದಾಟಿದ ಈ ವ್ಯಕ್ತಿ 2025ರಲ್ಲಿ ಸೂರ್ಯ ದಶೆಯ ಕೊನೆಯಲ್ಲೋ ಚಂದ್ರ ದಶೆಯ ಮೊದಲಲ್ಲೋ ಇರುತ್ತಾರೆ. ಯಾವುದು ಎಂಬುದು ಹುಟ್ಟಿದ ನಿಮಿಷದ ಮೇಲೆ ನಿಂತಿದೆ. ಗ್ರಹಣ ತಾಗಿದ ಗ್ರಹದ ದಶೆಯೇ ನಡೆಯುತ್ತಿದ್ದರೆ ಫಲಕ್ಕೆ ತೂಕ ಹೆಚ್ಚು, ಸಂಬಂಧವೇ ಇಲ್ಲದ ದಶೆಯಾದರೆ ಗ್ರಹಣ ಸುಮ್ಮನೆ ಹಾದುಹೋಗುತ್ತದೆ. ಇದರ ಜೊತೆಗೆ 2025ರ ಮಾರ್ಚ್ 29ರಂದು ಶನಿ ಮೀನಕ್ಕೆ ಬಂದಾಗಿನಿಂದ ಮೇಷದವರಿಗೆ ಸಾಡೇಸಾತಿ. ಪಟ್ಟಿಯ ‘ಶುಭ’ ಎಂಬ ಒಂದೇ ಮಾತಿನಲ್ಲಿ ಇದಾವುದೂ ಇಲ್ಲ.

ಮೂರನೆಯದು ನನಗೆ ಬಹಳ ಮುಖ್ಯ ಅನ್ನಿಸುವ ಹೆಜ್ಜೆ, ಹಿಂದಿನ ಗ್ರಹಣವನ್ನು ಕೇಳುವುದು. ಸುಮಾರು 19 ವರ್ಷಕ್ಕೊಮ್ಮೆ ಗ್ರಹಣ ಹೆಚ್ಚುಕಡಿಮೆ ಅದೇ ತಾರೀಕಿಗೆ, ಅದೇ ಡಿಗ್ರಿಗೆ ಮರಳುತ್ತದೆ. 2006ರ ಸೆಪ್ಟೆಂಬರ್ 7ರ ರಾತ್ರಿ ಭಾರತದಲ್ಲಿ ಕಂಡ ಪಾರ್ಶ್ವ ಚಂದ್ರಗ್ರಹಣವೂ ಕುಂಭದ 21ರಲ್ಲೇ ನಡೆದಿತ್ತು. ಅಂದು ರಾಹು ಸುಮಾರು 11 ಡಿಗ್ರಿ ದೂರ ಮೀನದಲ್ಲಿದ್ದದ್ದರಿಂದ ಚಂದ್ರನ ಐದನೇ ಒಂದು ಭಾಗವೂ ಮುಚ್ಚಲಿಲ್ಲ. ನಮ್ಮ ಜಾತಕದ ವ್ಯಕ್ತಿಗೆ ಆಗ ಹನ್ನೊಂದೂವರೆ ವರ್ಷ. ಆ ವರ್ಷ ತಂದೆಗೆ ವರ್ಗಾವಣೆಯಾಯಿತೇ, ಮನೆ ಬದಲಾಯಿತೇ, ಶಾಲೆ ಬದಲಾಯಿತೇ? ಒಳ್ಳೆಯ ಜ್ಯೋತಿಷಿ ಫಲ ಹೇಳುವ ಮೊದಲು ಇದನ್ನು ಕೇಳುತ್ತಾರೆ. ಏನೂ ಆಗಿಲ್ಲ ಎಂಬ ಉತ್ತರ ಬಂದರೆ ಈ ಸಲವೂ ಅತಿಯಾಗಿ ಹೇಳುವುದಿಲ್ಲ. ಹಿಂದಿನದನ್ನು ಕೇಳದೆ ಮುಂದಿನದನ್ನು ಖಚಿತವಾಗಿ ಸಾರುವವರ ಬಳಿ ಎಚ್ಚರವಿರಲಿ.

ಕೊನೆಯದು ಕಾಲ. ಗ್ರಹಣದ ಫಲ ಅದೇ ರಾತ್ರಿ ಬರುತ್ತದೆ ಎಂದು ಯಾರೂ ಓದುವುದಿಲ್ಲ. ಮುಂದಿನ ಗ್ರಹಣದವರೆಗಿನ ಆರು ತಿಂಗಳನ್ನು ಸಾಮಾನ್ಯ ಅವಧಿ ಎಂದು ಹಿಡಿಯುತ್ತಾರೆ. ಆ ಡಿಗ್ರಿಯ ಮೇಲೆ ಕುಜನೋ ಶನಿಯೋ ಹಾಯುವ ದಿನಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ನಮ್ಮ ಉದಾಹರಣೆಯಲ್ಲಿ 2026ರ ಮಾರ್ಚ್ 3ರ ಚಂದ್ರಗ್ರಹಣ ಸಿಂಹದ 19ನೇ ಡಿಗ್ರಿಯ ಹತ್ತಿರ. ಎದುರಿಗಿರುವ ಸೂರ್ಯ ರಾಹುವಿನೊಡನೆ ಕುಂಭದ 19ರ ಬಳಿ, ಅಂದರೆ ಹುಟ್ಟಿನ ಸೂರ್ಯ ಶನಿಗಳಿಗೆ ಮತ್ತೆ ಎರಡು ಡಿಗ್ರಿಯ ಆಸುಪಾಸು. ಅದೇ ತಿಂಗಳ 20ರ ಹೊತ್ತಿಗೆ ಕುಜ 21ನ್ನು ದಾಟುತ್ತಾನೆ. ಹಾಗಾಗಿ ಜ್ಯೋತಿಷಿ ಕೊಡುವ ಸಲಹೆ ಇಷ್ಟು. ಈ ಆರೇಳು ತಿಂಗಳು ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ, ಮನೆಯ ಕಾಗದಪತ್ರಗಳನ್ನು ಸರಿಯಾಗಿ ನೋಡಿಕೊಳ್ಳಿ, ತಂದೆಯವರ ಆರೋಗ್ಯ ತಪಾಸಣೆಯನ್ನು ಮುಂದೂಡಬೇಡಿ. ಸಾವು, ಸರ್ವನಾಶದ ಮಾತು ಈ ಓದಿನಲ್ಲಿ ಎಲ್ಲಿಯೂ ಬರುವುದಿಲ್ಲ.

ಈ ಓದಿಗೆ ಮಿತಿಗಳಿವೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಹುಟ್ಟಿದ ಸಮಯ ಅಂದಾಜಿನದಾದರೆ ಮನೆಗಳ ಲೆಕ್ಕ ಪೂರ್ತಿ ತಪ್ಪುತ್ತದೆ. ಅಯನಾಂಶ ಬೇರೆಯಾದರೆ ನಕ್ಷತ್ರಪಾದ ಪಕ್ಕಕ್ಕೆ ಸರಿಯಬಹುದು. ಆ ವಾರ ಹುಟ್ಟಿದ ಎಲ್ಲರಿಗೂ ಸೂರ್ಯ ಶನಿ ಅಲ್ಲಿಯೇ ಇದ್ದಾರೆ, ಎಲ್ಲರ ಬದುಕೂ ಒಂದೇ ರೀತಿ ತಿರುಗುವುದಿಲ್ಲ. ಗ್ರಹಣ ಮನುಷ್ಯನ ಬದುಕಿನ ಘಟನೆಗಳನ್ನು ಉಂಟುಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಇದು ತಲೆಮಾರುಗಳಿಂದ ಬಂದ ಒಂದು ಓದುವ ಕ್ರಮ, ಹಾಗೆಂದೇ ಹಿಡಿಯಬೇಕು. ದೇಹಕ್ಕೆ ಖಚಿತವಾಗಿ ಅಪಾಯ ತರುವ ಸಂಗತಿ ಒಂದೇ, ಸೂರ್ಯಗ್ರಹಣವನ್ನು ಬರಿಗಣ್ಣಿನಲ್ಲಿ ನೋಡುವುದು. ಅದರಿಂದ ಕಣ್ಣಿನ ಅಕ್ಷಿಪಟ ಸುಡುತ್ತದೆ, ನೋವೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಸಾಲದು, ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಬೇಕು. ಚಂದ್ರಗ್ರಹಣಕ್ಕೆ ಈ ಭಯವಿಲ್ಲ, ಪಟ್ಟಿಯಲ್ಲಿ ಅಶುಭವಿದ್ದವರ ಕಣ್ಣಿಗೂ ಅದರಿಂದ ಏನೂ ಆಗುವುದಿಲ್ಲ.

ಶಾಂತಿಯ ವಿಷಯದಲ್ಲಿ ಜನ ದುಡ್ಡು ಕಳೆದುಕೊಳ್ಳುವುದನ್ನು ಕಂಡು ಬೇಸರವಾಗುತ್ತದೆ. ಶಾಸ್ತ್ರದಲ್ಲಿ ಇರುವುದು ಸರಳ. ಚಂದ್ರಗ್ರಹಣಕ್ಕೆ ಅಕ್ಕಿ, ಬಿಳಿ ವಸ್ತ್ರ. ಸೂರ್ಯಗ್ರಹಣಕ್ಕೆ ಗೋಧಿ. ರಾಹುವಿಗೆ ಉದ್ದು, ಕೇತುವಿಗೆ ಹುರುಳಿ. ಕಂಚಿನ ಪಾತ್ರೆಯಲ್ಲಿ ತುಪ್ಪ ತುಂಬಿ ಅದರಲ್ಲಿ ಚಿನ್ನದ ನಾಗ, ಬೆಳ್ಳಿಯ ಚಂದ್ರಬಿಂಬ ಇಟ್ಟು ಕೊಡುವ ದಾನವೂ ಹೇಳಿದೆ, ಅದು ಶಕ್ತಿ ಇದ್ದವರಿಗೆ. ಇಲ್ಲದವರಿಗೆ ಹಿಡಿ ಅಕ್ಕಿ, ಹಿಡಿ ಉದ್ದು, ಒಂದಿಷ್ಟು ಜಪ ಸಾಕು. ಮುಂದೆ 2027ರ ಆಗಸ್ಟ್ 2ರ ಸೂರ್ಯಗ್ರಹಣ ಭಾರತದ ಹಲವು ಕಡೆ ಪಾರ್ಶ್ವವಾಗಿ ಕಾಣುತ್ತದೆ, ಕರ್ಕಾಟಕದ ಸುಮಾರು 16ನೇ ಡಿಗ್ರಿಯಲ್ಲಿ, ಪುಷ್ಯ ನಕ್ಷತ್ರದಲ್ಲಿ. ಆಗ ಪಟ್ಟಿ ಬಂದಾಗ ಮೊದಲು ನಿಮ್ಮ ಜಾತಕ ತೆಗೆದು ಕರ್ಕಾಟಕದ 13ರಿಂದ 19ರವರೆಗೆ ಯಾವ ಗ್ರಹವಿದೆ ಎಂದು ನೋಡಿ. ಏನೂ ಇಲ್ಲದಿದ್ದರೆ, ಜ್ಯೋತಿಷ್ಯದ ಲೆಕ್ಕದಲ್ಲೇ ಆ ಗ್ರಹಣಕ್ಕೂ ನಿಮಗೂ ದೊಡ್ಡ ನಂಟಿಲ್ಲ. ಇದ್ದರೆ, ಸಾವಿರಾರು ರೂಪಾಯಿಯ ಪೂಜೆಗೆ ಒಪ್ಪುವ ಮೊದಲು, ಹತ್ತೊಂಬತ್ತು ವರ್ಷದ ಹಿಂದೆ ಏನಾಯಿತು ಎಂದು ನಿಮ್ಮನ್ನು ಕೇಳುವ ಜ್ಯೋತಿಷಿಯ ಬಳಿಗೆ ಹೋಗಿ.